ಪದ ಕೂಡಿತು, ಅರ್ಥ ತಪ್ಪಿತು: ಸಾರಾಂಶಕ್ಕೆ ಅಂಕ ಕೊಡುವ ಅಳತೆಗೋಲಿನ ಬಗ್ಗೆ

ಆಕ್ಲೆಂಡ್‌ನ ಪೂರ್ವಕ್ಕಿರುವ ಬಾಟನಿ ಡೌನ್ಸ್‌ನಿಂದ ಮಾತಾಡ್ತಾ ಇದ್ದೇವೆ. ಇವತ್ತಿನ ಸಂಚಿಕೆ ಸ್ವಲ್ಪ ನಮ್ಮ ಮನೆಯ ವಿಷಯ, ಸ್ವಲ್ಪ ಗಣಕ ವಿಜ್ಞಾನದ ವಿಷಯ.

ಮನೆಯ ವಿಷಯ ಮೊದಲು. ಪ್ರತಿ ಸಂಚಿಕೆಯ ಕೆಳಗೆ ನಾಲ್ಕು ಸಾಲಿನ ಕನ್ನಡ ಸಾರಾಂಶ ಹಾಕಿ ಅಂತ ಕೇಳುಗರು ಬಹಳ ದಿನದಿಂದ ಕೇಳ್ತಾ ಇದ್ದಾರೆ. ಊರಿಂದ ಬಂದು ಇಲ್ಲಿ ಆರು ತಿಂಗಳು ಮಕ್ಕಳ ಜೊತೆ ಇರುವ ಅಪ್ಪ ಅಮ್ಮಂದಿರಿಗೆ ಅದರಿಂದ ಅನುಕೂಲ. ಕೈಯಲ್ಲಿ ಬರೆಯೋಕೆ ನಮಗೆ ಸಮಯ ಸಾಲದು. ಹಾಗಾಗಿ ಬಳಗದ ಗೆಳೆಯರೊಬ್ಬರು ಸಾರಾಂಶ ಬರೆಯುವ ಒಂದು ಪ್ರೋಗ್ರಾಂ ಜೋಡಿಸಿಕೊಟ್ಟರು. ಅದು ಎಷ್ಟು ಚೆನ್ನಾಗಿ ಬರೆಯುತ್ತದೆ ಅಂತ ತೋರಿಸಲು ಜೊತೆಗೆ ಒಂದು ಅಂಕಪಟ್ಟಿಯನ್ನೂ ತಂದರು. ಪಟ್ಟಿಯಲ್ಲಿದ್ದದ್ದು ರೂಜ್ ಅಂಕಗಳು. ಇವತ್ತು ನಾವು ವಾದಿಸಬೇಕೆಂದಿರುವುದು ಆ ಅಂಕದ ಬಗ್ಗೆ. ಅಂಕ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದು ಯಾವ ಪ್ರಶ್ನೆಗೆ ಉತ್ತರವೋ ಆ ಪ್ರಶ್ನೆಯನ್ನು ನಾವು ಕೇಳಿಯೇ ಇರಲಿಲ್ಲ ಅಂತ ಹೇಳುತ್ತಿದ್ದೇವೆ.

ರೂಜ್ ಏನು ಮಾಡುತ್ತದೆ ಅಂತ ಮೊದಲು ನೋಡೋಣ. ಒಂದು ಲೇಖನಕ್ಕೆ ಮನುಷ್ಯರೊಬ್ಬರು ಸಾರಾಂಶ ಬರೆದಿಟ್ಟಿರುತ್ತಾರೆ. ಅದನ್ನು ಮಾದರಿ ಸಾರಾಂಶ ಅನ್ನೋಣ. ಯಂತ್ರ ತನ್ನದೊಂದು ಸಾರಾಂಶ ಬರೆಯುತ್ತದೆ. ರೂಜ್ ಎರಡನ್ನೂ ಪಕ್ಕಪಕ್ಕ ಇಟ್ಟು, ಎಷ್ಟು ಪದಗಳು ಎರಡರಲ್ಲೂ ಇವೆ ಅಂತ ಎಣಿಸುತ್ತದೆ. ಬಿಡಿ ಪದಗಳನ್ನು ಎಣಿಸಿದರೆ ಅದು ರೂಜ್-1. ಪಕ್ಕಪಕ್ಕದ ಎರಡೆರಡು ಪದಗಳ ಜೋಡಿ ಎಣಿಸಿದರೆ ರೂಜ್-2. ಎರಡೂ ಕಡೆ ಒಂದೇ ಕ್ರಮದಲ್ಲಿ ಬರುವ ಅತಿ ಉದ್ದದ ಪದಸಾಲನ್ನು, ನಡುವೆ ಬೇರೆ ಪದ ನುಸುಳಿದ್ದರೂ ಚಿಂತೆಯಿಲ್ಲ ಅಂತ ಹುಡುಕಿದರೆ ಅದು ರೂಜ್-ಎಲ್. ಅಂಕ ಸೊನ್ನೆಯಿಂದ ಒಂದರವರೆಗೆ. ಇಷ್ಟೇ. ಇದರಲ್ಲಿ ಅರ್ಥ ಅನ್ನುವುದು ಎಲ್ಲೂ ಬರುವುದಿಲ್ಲ.

ಶಾಲೆಯಲ್ಲಿ "ಸಾರಾಂಶ ಬರೆಯಿರಿ" ಅಂತ ಐದು ಅಂಕದ ಪ್ರಶ್ನೆ ಬರುತ್ತಿತ್ತಲ್ಲ, ನೆನಪಿದೆಯಾ? ಉತ್ತರಪತ್ರಿಕೆ ತಿದ್ದುವ ಮೇಷ್ಟ್ರು ಗೈಡಿನ ಉತ್ತರವನ್ನು ಪಕ್ಕದಲ್ಲಿಟ್ಟುಕೊಂಡು, ಹೊಂದುವ ಪದಗಳ ಕೆಳಗೆ ಮಾತ್ರ ಗೆರೆ ಎಳೆದು ಅಂಕ ಕೊಟ್ಟರೆ ಹೇಗಿರುತ್ತದೋ ಹಾಗೆ. ಪಾಠವನ್ನು ಅವರು ತೆರೆದು ನೋಡುವುದೇ ಇಲ್ಲ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಒಂದು ಉದಾಹರಣೆ. ನ್ಯೂಜಿಲೆಂಡ್‌ನಲ್ಲಿರುವವರಿಗೆ "ನೀರು ಕುದಿಸಿ ಕುಡಿಯಿರಿ" ಎನ್ನುವ ಸೂಚನೆ ಹೊಸದಲ್ಲ. 2016ರ ಆಗಸ್ಟ್‌ನಲ್ಲಿ ಹಾಕ್ಸ್ ಬೇ ಪ್ರದೇಶದ ಹ್ಯಾವ್‌ಲಾಕ್ ನಾರ್ತ್ ಊರಲ್ಲಿ ಜೋರು ಮಳೆಯ ನಂತರ ಕುರಿಗಳ ಸಗಣಿ ಬೆರೆತ ನೀರು ಕುಡಿಯುವ ನೀರಿನ ಬೋರ್‌ವೆಲ್‌ಗಳಿಗೆ ಸೇರಿತು. ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದಿಂದ 5,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಕ್ವೀನ್ಸ್‌ಟೌನ್‌ನಲ್ಲಿ ಬೇರೊಂದು ಪರೋಪಜೀವಿಯ ಕಾರಣಕ್ಕೆ ಇದೇ ಸೂಚನೆ ಹೊರಟಿತು. ಇಂಥ ಸೂಚನೆ ಇಂಗ್ಲಿಷ್‌ನಲ್ಲಿ ಬರುತ್ತದೆ. ನಮ್ಮ ಅತ್ತೆಯೋ ಅಮ್ಮನೋ ಓದುವುದು ವಾಟ್ಸಾಪ್‌ನಲ್ಲಿ ಯಾರೋ ಹಾಕಿದ ಕನ್ನಡದ ಎರಡು ಸಾಲನ್ನು. ಆ ಎರಡು ಸಾಲನ್ನು ಯಂತ್ರ ಬರೆದಿದ್ದರೆ? ಅದಕ್ಕೆ ರೂಜ್ ಎಷ್ಟು ಅಂಕ ಕೊಡುತ್ತದೆ?

ಇದನ್ನು ನೋಡಲೆಂದು ನಾವೇ ಮೂರು ಸಾರಾಂಶ ಕಟ್ಟಿದೆವು. ಇವು ಯಾವ ಇಲಾಖೆಯ ಮಾತೂ ಅಲ್ಲ, ಪ್ರಯೋಗಕ್ಕಾಗಿ ಬರೆದವು. ಮೊದಲನೆಯದು ಮಾದರಿ:

"ನಲ್ಲಿ ನೀರನ್ನು ಕುದಿಸದೆ ಕುಡಿಯಬೇಡಿ. ಬುಧವಾರ ಸಂಜೆವರೆಗೆ ಈ ಸೂಚನೆ ಜಾರಿಯಲ್ಲಿರುತ್ತದೆ."

ಎಣಿಸಿ, ಒಂಬತ್ತು ಪದ. ಎರಡನೆಯದು ಯಂತ್ರ ಬರೆಯಬಹುದಾದ ಒಂದು ಸಾರಾಂಶ. ಇದನ್ನು ಸಾರಾಂಶ ಅ ಅನ್ನೋಣ:

"ನಲ್ಲಿ ನೀರನ್ನು ಕುದಿಸದೆ ಕುಡಿಯಬಹುದು. ಬುಧವಾರ ಸಂಜೆವರೆಗೆ ಈ ಸೂಚನೆ ಜಾರಿಯಲ್ಲಿರುತ್ತದೆ."

ಮೂರನೆಯದು ಸಾರಾಂಶ ಆ:

"ಬುಧವಾರ ಸಾಯಂಕಾಲದ ತನಕ ನಲ್ಲಿಯ ನೀರು ಕುದಿಸಿಯೇ ಕುಡಿಯಿರಿ."

ಯಾವುದನ್ನು ನಂಬಿದರೆ ಹೊಟ್ಟೆ ಕೆಡುತ್ತದೆ ಅಂತ ಮೂರನೇ ಕ್ಲಾಸಿನ ಮಗು ಹೇಳುತ್ತದೆ. ಈಗ ರೂಜ್ ಏನು ಹೇಳುತ್ತದೆ ನೋಡೋಣ. ಲೆಕ್ಕ ಸುಲಭ: ಹೊಂದಿದ ಪದಗಳನ್ನು ಎರಡರಿಂದ ಗುಣಿಸಿ, ಎರಡೂ ಸಾರಾಂಶಗಳ ಒಟ್ಟು ಪದಸಂಖ್ಯೆಯಿಂದ ಭಾಗಿಸಿದರೆ ರೂಜ್-1 ಬರುತ್ತದೆ. ಸಾರಾಂಶ ಅ-ದಲ್ಲೂ ಒಂಬತ್ತು ಪದ, ಅದರಲ್ಲಿ ಎಂಟು ಮಾದರಿಯ ಜೊತೆ ಹೊಂದುತ್ತವೆ. ಎಂಟೆರಡ್ಲ ಹದಿನಾರು, ಭಾಗಿಸು ಹದಿನೆಂಟು: 0.89. ಜೋಡಿಪದಗಳ ಲೆಕ್ಕದಲ್ಲಿ ಎಂಟು ಜೋಡಿಯಲ್ಲಿ ಎರಡು ಮುರಿದು ಆರು ಉಳಿಯುತ್ತವೆ, ಅಂದರೆ ರೂಜ್-2 0.75. ಕ್ರಮ ಬದಲಾಗಿಲ್ಲವಾದ್ದರಿಂದ ರೂಜ್-ಎಲ್ ಮತ್ತೆ 0.89.

ಸಾರಾಂಶ ಆ-ದಲ್ಲಿ ಏಳು ಪದ. ಮಾದರಿಯ ಜೊತೆ ಅಕ್ಷರಶಃ ಹೊಂದುವುದು "ಬುಧವಾರ" ಒಂದೇ. ಎರಡು ಭಾಗಿಸು ಹದಿನಾರು: 0.125. ರೂಜ್-2 ಸೊನ್ನೆ.

ಜನರನ್ನು ಕಾಯಿಲೆಗೆ ದೂಡುವ ಸಾರಾಂಶಕ್ಕೆ 0.89, ಸರಿಯಾದ ಸಾರಾಂಶಕ್ಕೆ 0.125. ಇದು ಎಲ್ಲೋ ಹುಡುಕಿ ತಂದ ವಿಚಿತ್ರ ಉದಾಹರಣೆ ಅಲ್ಲ. ಲೆಕ್ಕ ನಡೆಯುವ ರೀತಿಯೇ ಹೀಗೆ. ಒಂಬತ್ತು ಪದಗಳಲ್ಲಿ ಪ್ರತಿ ಪದಕ್ಕೂ ಒಂದೇ ತೂಕ. "ಈ" ಅನ್ನುವ ಪದ ತಪ್ಪಿದರೂ ಒಂದು ಪದ ಹೋಯಿತು, "ಬೇಡಿ" ಹೋಗಿ "ಬಹುದು" ಬಂದರೂ ಒಂದು ಪದ ಹೋಯಿತು. ವಾಸ್ತವದ ತಪ್ಪು ಸಾಮಾನ್ಯವಾಗಿ ಒಂದೇ ಪದದಲ್ಲಿ ಅಡಗಿರುತ್ತದೆ: ಒಂದು ಸಂಖ್ಯೆ, ಒಂದು ಹೆಸರು, ಒಂದು ನಿಷೇಧ. ವಾಕ್ಯ ಉದ್ದವಾದಷ್ಟೂ ಆ ಒಂದು ಪದದ ಪಾಲು ಕಡಿಮೆಯಾಗುತ್ತದೆ. ನೂರು ಪದದ ಸಾರಾಂಶದಲ್ಲಿ ಔಷಧಿಯ ಪ್ರಮಾಣ ತಪ್ಪಿದರೆ ಅಂಕ 0.99.

ಕನ್ನಡದಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವೂ ಇದೆ. ಇಂಗ್ಲಿಷ್‌ನಲ್ಲಿ ನಿಷೇಧ ಬೇರೆಯೇ ಪದವಾಗಿ ನಿಲ್ಲುವುದು ಹೆಚ್ಚು. ನಮ್ಮಲ್ಲಿ ಅದು ಕ್ರಿಯಾಪದದ ಬಾಲದಲ್ಲಿರುತ್ತದೆ: ಕುಡಿಯಬೇಕು, ಕುಡಿಯಬೇಡ, ಕುಡಿಯಬೇಕಿಲ್ಲ, ಕುಡಿಯದೆ. ಯಾರು ಯಾರಿಗೆ ಏನು ಮಾಡಿದರು ಎನ್ನುವುದೂ ಬಾಲದಲ್ಲೇ: ಅಣ್ಣ ತಮ್ಮನಿಗೆ ಕೊಟ್ಟ, ಅಣ್ಣನಿಗೆ ತಮ್ಮ ಕೊಟ್ಟ. ಹಾಗಾಗಿ ಪದವನ್ನು ಇಡಿಯಾಗಿ ಹೋಲಿಸಿದರೆ "ನೀರು" ಬೇರೆ, "ನೀರನ್ನು" ಬೇರೆ, "ನಲ್ಲಿ" ಬೇರೆ, "ನಲ್ಲಿಯ" ಬೇರೆ. ಸಾರಾಂಶ ಆ ಸೋತದ್ದು ಇಲ್ಲೇ. ಅದು ಹೇಳಿದ್ದು ಸರಿ, ಆದರೆ ಬೇರೆ ವಿಭಕ್ತಿಯಲ್ಲಿ ಹೇಳಿತು.

ಸರಿ, ಪದದ ಬದಲು ಅಕ್ಷರಗಳ ತುಣುಕುಗಳನ್ನು ಹೋಲಿಸೋಣ ಅನ್ನುತ್ತಾರೆ ಕೆಲವರು. ಯಂತ್ರಾನುವಾದದ ಕ್ಷೇತ್ರದಲ್ಲಿ 2015ರಿಂದ ಬಳಕೆಯಲ್ಲಿರುವ chrF ಎಂಬ ಅಂಕ ಹಾಗೆ ಮಾಡುತ್ತದೆ. ಅದರಿಂದ "ನೀರು" ಮತ್ತು "ನೀರನ್ನು" ಹತ್ತಿರವಾಗುತ್ತವೆ, ಸಾರಾಂಶ ಆ-ಕ್ಕೆ ಒಂದಷ್ಟು ನ್ಯಾಯ ಸಿಗುತ್ತದೆ. ಆದರೆ ಅದೇ ಉಪಾಯದಿಂದ "ಕುಡಿಯಬೇಡಿ" ಮತ್ತು "ಕುಡಿಯಬಹುದು" ಕೂಡ ಹತ್ತಿರವಾಗುತ್ತವೆ, ಯಾಕಂದರೆ ಅರ್ಧ ಪದ ಎರಡರಲ್ಲೂ ಒಂದೇ. "ಕುದಿಸಬೇಕು" ಮತ್ತು "ಕುದಿಸಬೇಕಿಲ್ಲ" ಇನ್ನೂ ಹತ್ತಿರ. ಅಂದರೆ ಬಾಲವನ್ನು ಕ್ಷಮಿಸಲು ಹೊರಟರೆ ನಿಷೇಧವನ್ನೂ ಕ್ಷಮಿಸಿಬಿಡುತ್ತೇವೆ. ನಮ್ಮ ಭಾಷೆಯಲ್ಲಿ ವ್ಯಾಕರಣದ ಸಣ್ಣ ವ್ಯತ್ಯಾಸವೂ ಅರ್ಥದ ದೊಡ್ಡ ವ್ಯತ್ಯಾಸವೂ ಒಂದೇ ಜಾಗದಲ್ಲಿ ಕೂತಿರುವುದರಿಂದ, ಪದ ಅಥವಾ ಅಕ್ಷರ ಎಣಿಸಿ ಅವೆರಡನ್ನು ಬೇರ್ಪಡಿಸುವುದು ಕಷ್ಟ.

ಇನ್ನು ಒಂದು ತಾಂತ್ರಿಕ ಎಡವಟ್ಟು. ಗೆಳೆಯರ ಅಂಕಪಟ್ಟಿಯನ್ನು ನಾವು ಮೊದಲು ಅನುಮಾನಿಸಿದ್ದು ಇದರಿಂದಲೇ. ಪಟ್ಟಿಯಲ್ಲಿ ಹಲವು ಸಾರಾಂಶಗಳಿಗೆ ಸರಿಯಾಗಿ ಸೊನ್ನೆ ಇತ್ತು, ಕೆಲವಕ್ಕೆ ಸರಿಯಾಗಿ ಒಂದು. ನಡುವೆ ಏನೂ ಇಲ್ಲ ಅನ್ನುವಷ್ಟು ಕಡಿಮೆ. ಮನುಷ್ಯರ ಬರಹದ ಜೊತೆ ಯಂತ್ರದ ಬರಹ ನೂರಕ್ಕೆ ನೂರು ಹೊಂದುವುದುಂಟೇ? ಗೂಗಲ್‌ನವರು ಬಿಡುಗಡೆ ಮಾಡಿರುವ, ಬಹಳ ಜನ ಬಳಸುವ rouge_score ಎಂಬ ಪೈಥಾನ್ ಪೊಟ್ಟಣದಲ್ಲಿ ಇದನ್ನು ಓಡಿಸಿ ನೋಡಿ. ಲಿಖಿತ ರೂಪ ಓದುತ್ತಿರುವವರಿಗಾಗಿ ಕೊಟ್ಟಿದ್ದೇವೆ:

```python
from rouge_score import rouge_scorer
s = rouge_scorer.RougeScorer(["rouge1"])
a = "ನೀರು ಕುದಿಸಿ ಕುಡಿಯಿರಿ"
print(s.score(a, a)["rouge1"].fmeasure)
```

ಒಂದೇ ವಾಕ್ಯವನ್ನು ಅದರ ಜೊತೆಗೇ ಹೋಲಿಸುತ್ತಿದ್ದೇವೆ. ಒಂದು ಬರಬೇಕು. ಬರುವುದು ಸೊನ್ನೆ. ಕಾರಣ ಏನು ಅಂದರೆ, ಈ ಪೊಟ್ಟಣ ಪದ ಬಿಡಿಸುವ ಮೊದಲು ಇಂಗ್ಲಿಷ್‌ನ a-ಯಿಂದ z-ವರೆಗಿನ ಅಕ್ಷರ ಮತ್ತು 0-ಯಿಂದ 9-ರವರೆಗಿನ ಅಂಕಿ ಬಿಟ್ಟು ಉಳಿದದ್ದನ್ನೆಲ್ಲ ಅಳಿಸಿಹಾಕುತ್ತದೆ. ಕನ್ನಡ ಪೂರ್ತಿ ಮಾಯ. ಹೋಲಿಸಲು ಏನೂ ಉಳಿಯದೆ ಸೊನ್ನೆ ಬರುತ್ತದೆ.

ಆದರೆ ಅಂಕಿಗಳು ಉಳಿಯುತ್ತವೆ ನೋಡಿ. "2023ರ ಜನವರಿ 27ರಂದು ಆಕ್ಲೆಂಡ್‌ನಲ್ಲಿ ಪ್ರವಾಹ ಬಂತು" ಅನ್ನುವುದು ಮಾದರಿ ಅಂತಿಟ್ಟುಕೊಳ್ಳಿ. ಆ ಶುಕ್ರವಾರ ಇಲ್ಲಿದ್ದವರಿಗೆ ಮರೆಯುವ ದಿನವಲ್ಲ, ನಾಲ್ಕು ಜನ ಜೀವ ಕಳೆದುಕೊಂಡರು, ವಿಮಾನ ನಿಲ್ದಾಣದೊಳಗೇ ನೀರು ನುಗ್ಗಿತ್ತು. ಯಂತ್ರ "2023ರ ಜನವರಿ 27ರಂದು ನಮ್ಮ ಮನೆಯಲ್ಲಿ ಹುಟ್ಟುಹಬ್ಬ" ಅಂತ ಬರೆದರೆ? ಎರಡರಲ್ಲೂ ಉಳಿಯುವುದು 2023 ಮತ್ತು 27. ಅಂಕ ಪೂರ್ತಿ ಒಂದು. ಪಟ್ಟಿಯಲ್ಲಿ ಒಂದುಗಳು ಬಂದದ್ದು ಹೀಗೆ: ಇಸವಿ ಹೊಂದಿದ ಸಾರಾಂಶಗಳು ಪಾಸು, ಅಂಕಿಯೇ ಇಲ್ಲದವು ಫೇಲು.

ಇದಕ್ಕೆ ಪರಿಹಾರ ಇದೆ. ಪದ ಬಿಡಿಸುವ ಕೆಲಸವನ್ನು ನಮ್ಮ ಕೈಗೆ ತೆಗೆದುಕೊಳ್ಳಬಹುದು:

```python
class T:
    def tokenize(self, t):
        return t.replace(".", " ").split()

s = rouge_scorer.RougeScorer(["rouge1"], tokenizer=T())
```

ಇಲ್ಲೂ ಒಂದು ಎಚ್ಚರಿಕೆ. ಪದ ಬಿಡಿಸಲು ಅನೇಕರು ಪೈಥಾನ್‌ನ `\w+` ಎಂಬ ಚಿಹ್ನೆ ಬಳಸುತ್ತಾರೆ. ಅದು ಕನ್ನಡದ ವ್ಯಂಜನಗಳನ್ನು ಅಕ್ಷರವೆಂದು ಒಪ್ಪುತ್ತದೆ, ಆದರೆ ಗುಣಿತದ ಚಿಹ್ನೆಗಳನ್ನು ಒಪ್ಪುವುದಿಲ್ಲ. ದೀರ್ಘ, ಕೊಂಬು, ಏತ್ವ ಬಂದಲ್ಲೆಲ್ಲ ಪದವನ್ನು ಕತ್ತರಿಸುತ್ತದೆ. "ನೀರು" ಹೋಗಿ "ನ", "ರ" ಎಂಬ ಎರಡು ತುಂಡಾಗುತ್ತದೆ. "ನೂರು" ಕೂಡ "ನ", "ರ" ಆಗುತ್ತದೆ. ಅಂದರೆ ಆ ಅಳತೆಗೋಲಿಗೆ ನೀರೂ ನೂರೂ ಒಂದೇ. ಕಾಗುಣಿತ ಕಲಿಯದ ಮೇಷ್ಟ್ರ ಕೈಗೆ ಕನ್ನಡದ ಉತ್ತರಪತ್ರಿಕೆ ಕೊಟ್ಟ ಹಾಗೆ. ಆದ್ದರಿಂದ ಕನ್ನಡಕ್ಕೆ ಇಷ್ಟು ರೂಜ್ ಅಂಕ ಬಂತು ಅಂತ ಯಾರೇ ಹೇಳಲಿ, ಪದ ಹೇಗೆ ಬಿಡಿಸಿದಿರಿ ಅಂತ ಕೇಳದೆ ಆ ಸಂಖ್ಯೆಯನ್ನು ಒಪ್ಪಬೇಡಿ. 2021ರಲ್ಲಿ ಬಾಂಗ್ಲಾದೇಶದ ಸಂಶೋಧಕರು ಬಿಬಿಸಿ ಸುದ್ದಿಗಳಿಂದ 44 ಭಾಷೆಗಳ ಸಾರಾಂಶ ಸಂಗ್ರಹ ಕಟ್ಟಿದಾಗ, ರೂಜ್ ಅನ್ನು ಬೇರೆ ಲಿಪಿಗಳಿಗೆ ಒಗ್ಗಿಸುವ ಕೆಲಸವನ್ನೂ ಮಾಡಬೇಕಾಯಿತು. ಆ 44ರಲ್ಲಿ ತಮಿಳು, ತೆಲುಗು, ಮರಾಠಿ ಇವೆ, ಕನ್ನಡ ಇಲ್ಲ.

ಸರಿ, ಈ ಎಡವಟ್ಟನ್ನೆಲ್ಲ ಸರಿಪಡಿಸಿದೆವು ಅಂತಿಟ್ಟುಕೊಳ್ಳಿ. ಆಗಲೂ ಸಾರಾಂಶ ಅ-ಕ್ಕೆ 0.89 ಬರುತ್ತದೆ. ಮೂಲ ತೊಂದರೆ ತಾಂತ್ರಿಕವಲ್ಲ. ಅದನ್ನು ಅರ್ಥ ಮಾಡಿಕೊಳ್ಳಲು ರೂಜ್ ಹುಟ್ಟಿದ ಕಾಲಕ್ಕೆ ಹೋಗಬೇಕು.

2004ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆಯಲ್ಲಿದ್ದ ಚಿನ್-ಯೂ ಲಿನ್ ಇದನ್ನು ಬಾರ್ಸಿಲೋನಾದ ಒಂದು ಕಾರ್ಯಾಗಾರದಲ್ಲಿ ಮಂಡಿಸಿದರು. ಅದಕ್ಕೆ ಎರಡು ವರ್ಷ ಮೊದಲು ಐಬಿಎಂನವರು ಯಂತ್ರಾನುವಾದಕ್ಕೆ ಬ್ಲೂ ಎಂಬ ಪದ ಎಣಿಸುವ ಅಂಕ ತಂದಿದ್ದರು. ಆಗ ಅಮೆರಿಕದ ಮಾನದಂಡ ಸಂಸ್ಥೆ ವರ್ಷ ವರ್ಷ ಸಾರಾಂಶ ಬರೆಯುವ ಪ್ರೋಗ್ರಾಂಗಳ ಸ್ಪರ್ಧೆ ನಡೆಸುತ್ತಿತ್ತು. ಪ್ರತಿಯೊಂದನ್ನೂ ಮನುಷ್ಯರೇ ಓದಿ ಅಂಕ ಕೊಡುವುದು ದುಬಾರಿ. ಲಿನ್ ತೋರಿಸಿದ್ದು, ಮನುಷ್ಯರು ಕೊಡುವ ಶ್ರೇಣಿಗೂ ಪದ ಎಣಿಸಿ ಬರುವ ಶ್ರೇಣಿಗೂ ಚೆನ್ನಾಗಿ ತಾಳೆಯಾಗುತ್ತದೆ ಅಂತ. ಅದು ಸುಳ್ಳಾಗಿರಲಿಲ್ಲ.

ಆದರೆ ಆ ಕಾಲದ ಪ್ರೋಗ್ರಾಂಗಳು ಹೇಗೆ ಸಾರಾಂಶ ಬರೆಯುತ್ತಿದ್ದವು? ಬಹುತೇಕ ಎಲ್ಲವೂ ಮೂಲ ಲೇಖನದಿಂದ ವಾಕ್ಯಗಳನ್ನು ಹಾಗೇ ಎತ್ತಿ ಜೋಡಿಸುತ್ತಿದ್ದವು. ಎತ್ತಿದ ವಾಕ್ಯ ಮೂಲದಲ್ಲಿದ್ದದ್ದೇ ಆದ್ದರಿಂದ ಅದು ಸುಳ್ಳಾಗುವ ಸಾಧ್ಯತೆ ಕಡಿಮೆ. ಇದ್ದ ಪ್ರಶ್ನೆ ಒಂದೇ: ಮುಖ್ಯವಾದದ್ದನ್ನು ಎತ್ತಿತೋ, ಮುಖ್ಯವಲ್ಲದ್ದನ್ನು ಎತ್ತಿತೋ? ಆ ಪ್ರಶ್ನೆಗೆ ಪದ ಎಣಿಕೆ ಒಳ್ಳೆಯ ಉತ್ತರ. ರೂಜ್ ಅಳೆಯುತ್ತಿದ್ದದ್ದು ಮುಖ್ಯಾಂಶ ಬಂತೇ ಎನ್ನುವುದನ್ನು. ಸತ್ಯವೇ ಎನ್ನುವುದನ್ನು ಅಳೆಯುವ ಅಗತ್ಯ ಆಗ ಅಷ್ಟಾಗಿ ಇರಲಿಲ್ಲ.

ಹತ್ತು ಹನ್ನೆರಡು ವರ್ಷದಲ್ಲಿ ಪ್ರೋಗ್ರಾಂಗಳು ಬದಲಾದವು. ನರಜಾಲ ಮಾದರಿಗಳು ವಾಕ್ಯ ಎತ್ತುವುದನ್ನು ಬಿಟ್ಟು ತಾವೇ ಹೊಸ ವಾಕ್ಯ ಕಟ್ಟತೊಡಗಿದವು. ಹೊಸ ವಾಕ್ಯದ ಜೊತೆ ಹೊಸ ಬಗೆಯ ತಪ್ಪೂ ಬಂತು: ಮೂಲದಲ್ಲಿಲ್ಲದ ಹೆಸರು, ಅದಲುಬದಲಾದ ಸಂಖ್ಯೆ, ಮಾಡಿದವನೂ ಅನುಭವಿಸಿದವನೂ ಜಾಗ ಬದಲಿಸಿಕೊಂಡ ವಾಕ್ಯ. ಅಳತೆಗೋಲು ಮಾತ್ರ ಹಳೆಯದೇ ಉಳಿಯಿತು. ಬಟ್ಟೆ ಅಳೆಯುವ ಗಜಕಡ್ಡಿ ಕೈಯಲ್ಲಿ ಹಿಡಿದು ಜ್ವರ ನೋಡಲು ಹೊರಟ ಹಾಗೆ.

2020ರಲ್ಲಿ ಗೂಗಲ್‌ನ ಜೋಶುವಾ ಮೇನೆಜ್ ಮತ್ತು ಸಂಗಡಿಗರು ಇದನ್ನು ಕೈಯಾರೆ ಪರೀಕ್ಷಿಸಿದರು. ಬಿಬಿಸಿಯ ಸುದ್ದಿಗಳಿಗೆ ಒಂದು ವಾಕ್ಯದ ಸಾರಾಂಶ ಬರೆಯುವ, ಆ ಕಾಲದ ಒಳ್ಳೆಯ ಮಾದರಿಗಳನ್ನು ತೆಗೆದುಕೊಂಡು, 500 ಸುದ್ದಿಗಳ ಸಾರಾಂಶಗಳನ್ನು ಮನುಷ್ಯರಿಂದ ಮೂಲದ ಜೊತೆ ಹೋಲಿಸಿ ಓದಿಸಿದರು. 100ಕ್ಕೆ 70ಕ್ಕಿಂತ ಹೆಚ್ಚು ಸಾರಾಂಶಗಳಲ್ಲಿ ಮೂಲದಲ್ಲಿಲ್ಲದ ಮಾತು ಸೇರಿಕೊಂಡಿತ್ತು. ಮೂಲಕ್ಕೆ ನಿಷ್ಠವಾಗಿದೆಯೇ ಎನ್ನುವ ಮನುಷ್ಯರ ತೀರ್ಪಿಗೂ ರೂಜ್ ಅಂಕಕ್ಕೂ ನಂಟು ದುರ್ಬಲವಾಗಿತ್ತು.

ಇನ್ನೂ ಕುತೂಹಲದ ವಿಷಯವೆಂದರೆ, ಮನುಷ್ಯರು ಬರೆದ ಮಾದರಿ ಸಾರಾಂಶಗಳಲ್ಲೂ ಅಂಥ ಮಾತುಗಳಿದ್ದವು, ಅದೂ ಬಹುಪಾಲಿನಲ್ಲಿ. ಹೇಗೆ ಅಂದರೆ, ಆ ಸಂಗ್ರಹದಲ್ಲಿ ಸುದ್ದಿಯ ಮೊದಲ ವಾಕ್ಯವನ್ನೇ ಸಾರಾಂಶ ಅಂತ ಕರೆದು, ಉಳಿದದ್ದನ್ನು ಲೇಖನ ಅಂತ ಇಟ್ಟಿದ್ದರು. ವರದಿಗಾರ ಮೊದಲ ವಾಕ್ಯದಲ್ಲಿ ವ್ಯಕ್ತಿಯ ಪೂರ್ತಿ ಹೆಸರು, ವಯಸ್ಸು, ಊರು ಹೇಳಿಬಿಡುತ್ತಾನೆ, ಕೆಳಗೆ ಅದನ್ನು ಮತ್ತೆ ಹೇಳುವುದಿಲ್ಲ. ಆ ಮೊದಲ ವಾಕ್ಯ ಕತ್ತರಿಸಿದ ಮೇಲೆ ಯಂತ್ರಕ್ಕೆ ಕಾಣುವ ಲೇಖನದಲ್ಲಿ ಹೆಸರೇ ಇಲ್ಲ. ಆದರೂ ಮಾದರಿಯಲ್ಲಿ ಹೆಸರಿದೆ. ಹೆಚ್ಚು ಅಂಕ ಬೇಕಾದರೆ ಯಂತ್ರ ಹೆಸರನ್ನು ಊಹಿಸಬೇಕು. ಪರೀಕ್ಷೆಯ ರಚನೆಯೇ ಕಟ್ಟುಕಥೆಗೆ ಪ್ರೋತ್ಸಾಹ ಕೊಡುತ್ತಿತ್ತು. ಇದನ್ನು ಕನ್ನಡಕ್ಕೂ ಅನ್ವಯಿಸಿ ನೋಡಬೇಕು. 2022ರಲ್ಲಿ ಎಐ4ಭಾರತ್ ತಂಡ ಸೇರಿ ಪ್ರಕಟಿಸಿದ 11 ಭಾರತೀಯ ಭಾಷೆಗಳ ಇಂಡಿಕ್‌ಎನ್‌ಎಲ್‌ಜಿ ಸಂಗ್ರಹದಲ್ಲಿ ಕನ್ನಡ ಇದೆ, ಸುದ್ದಿಗೆ ತಲೆಬರಹ ಬರೆಯುವ ಪರೀಕ್ಷೆ ಇದೆ, ಅಳೆಯುವುದು ರೂಜ್-ಎಲ್‌ನಿಂದ. ಕನ್ನಡಕ್ಕೆ ಅಂಥದ್ದೊಂದು ಸಂಗ್ರಹ ಬಂದದ್ದೇ ದೊಡ್ಡ ಕೆಲಸ, ಅದನ್ನು ಹಗುರ ಮಾಡುತ್ತಿಲ್ಲ. ಆದರೆ ಆ ಅಂಕ ನೋಡಿ "ಕನ್ನಡದಲ್ಲಿ ನಿಖರ ಸಾರಾಂಶ ಬಂದಾಯಿತು" ಅಂತ ಯಾರಾದರೂ ಹೇಳಿದರೆ, ಅಂಕ ಹೇಳದೇ ಇರುವುದನ್ನು ಅವರು ಹೇಳುತ್ತಿದ್ದಾರೆ.

ಈಗ ಆ ಮೇಷ್ಟ್ರ ಹತ್ತಿರ ವಾಪಸ್ ಬರೋಣ. ಅವರು ಪಾಠವನ್ನು ತೆರೆದು ನೋಡುವುದಿಲ್ಲ ಅಂದೆವಲ್ಲ. ರೂಜ್‌ನ ಅತಿ ದೊಡ್ಡ ಕೊರತೆ ಇದೇ ಅಂತ ನಮಗನಿಸುತ್ತದೆ. ಅದು ಮಾದರಿಯನ್ನೂ ಯಂತ್ರದ ಸಾರಾಂಶವನ್ನೂ ಹೋಲಿಸುತ್ತದೆ, ಮೂಲ ಲೇಖನವನ್ನು ಮುಟ್ಟುವುದೇ ಇಲ್ಲ. ನೀರಿನ ಸೂಚನೆಗೆ ಯಂತ್ರ ಒಂದು ವಾಕ್ಯ ಸೇರಿಸಿತು ಅಂತಿಟ್ಟುಕೊಳ್ಳಿ: "ಮಗುವಿನ ಹಾಲಿಗೂ ಕುದಿಸಿದ ನೀರೇ ಬಳಸಿ." ಮೂಲದಲ್ಲಿ ಅದಿತ್ತು, ಮಾದರಿ ಬರೆದವರು ಬಿಟ್ಟಿದ್ದರು. ಅಂಕ ಇಳಿಯುತ್ತದೆ. ಇನ್ನೊಂದು ಯಂತ್ರ "ಮಗುವಿನ ಹಾಲಿಗೆ ಬಿಸಿಮಾಡಿದ ನೀರು ಸಾಕು, ಕುದಿಯಬೇಕಿಲ್ಲ" ಅಂತ ಸುಳ್ಳು ಸೇರಿಸಿತು. ಅಂಕ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಉಪಯೋಗದ ಸತ್ಯಕ್ಕೂ ಅಪಾಯದ ಸುಳ್ಳಿಗೂ ಒಂದೇ ದಂಡ. ಮೂಲವನ್ನು ನೋಡದವರಿಗೆ ಇವೆರಡೂ ಕೇವಲ "ಮಾದರಿಯಲ್ಲಿಲ್ಲದ ಪದಗಳು".

ಹಾಗಾದರೆ ಅರ್ಥವನ್ನೇ ಹೋಲಿಸುವ ಹೊಸ ಅಂಕಗಳು ಬಂದಿವೆಯಲ್ಲ ಅಂತ ಕೇಳಬಹುದು. ಬರ್ಟ್‌ಸ್ಕೋರ್ ಅಂಥದ್ದು. ಪದಗಳನ್ನು ಅವುಗಳ ಬಳಕೆಯ ಸಂದರ್ಭದಿಂದ ಸಂಖ್ಯೆಗಳ ಸಾಲಾಗಿ ಮಾಡಿ ಹೋಲಿಸುವುದರಿಂದ "ಸಂಜೆ", "ಸಾಯಂಕಾಲ" ಹತ್ತಿರ ಬರುತ್ತವೆ. ಒಳ್ಳೆಯದೇ. ಆದರೆ "ಬುಧವಾರ", "ಗುರುವಾರ" ಕೂಡ ಒಂದೇ ಬಗೆಯ ಸಂದರ್ಭದಲ್ಲಿ ಬರುವ ಪದಗಳು, ಹಾಗಾಗಿ ಅವೂ ಹತ್ತಿರವೇ. ವಾರ ತಪ್ಪಿದ್ದು ಅದಕ್ಕೂ ದೊಡ್ಡದಾಗಿ ಕಾಣುವುದಿಲ್ಲ.

ಮೂಲವನ್ನು ನೋಡುವ ವಿಧಾನಗಳೂ ಇವೆ. ಒಂದು, ಮೂಲ ಲೇಖನ ನಿಜವಾದರೆ ಈ ಸಾರಾಂಶ ನಿಜವಾಗಲೇಬೇಕೇ, ಸುಳ್ಳಾಗುತ್ತದೆಯೇ, ಎರಡೂ ಅಲ್ಲವೇ ಅಂತ ತೀರ್ಮಾನಿಸಲು ತರಬೇತಿ ಕೊಟ್ಟ ಮಾದರಿ. ಮೇನೆಜ್ ತಂಡದ ಪರೀಕ್ಷೆಯಲ್ಲಿ ಇಂಥ ವಿಧಾನ ರೂಜ್‌ಗಿಂತ ಮನುಷ್ಯರ ತೀರ್ಪಿಗೆ ಹತ್ತಿರವಿತ್ತು. ಇನ್ನೊಂದು, ಸಾರಾಂಶದಿಂದ ಪ್ರಶ್ನೆ ಹುಟ್ಟಿಸಿ ಅದಕ್ಕೆ ಉತ್ತರವನ್ನು ಮೂಲದಲ್ಲಿ ಹುಡುಕುವುದು: "ಸೂಚನೆ ಎಲ್ಲಿಯವರೆಗೆ?" ಸಾರಾಂಶದ ಉತ್ತರವೂ ಮೂಲದ ಉತ್ತರವೂ ಬೇರೆಯಾದರೆ ಎಚ್ಚರಿಕೆ. ಇವೆರಡಕ್ಕೂ ಮಿತಿ ಇದೆ. ಇವುಗಳಿಗೆ ತರಬೇತಿ ಬೇಕು, ತರಬೇತಿಯ ಕನ್ನಡ ಸಾಮಗ್ರಿ ಕಡಿಮೆ. ಮೊದಲ ವಿಧಾನಕ್ಕೆ ಇಂಡಿಕ್‌ಎಕ್ಸ್‌ಎನ್‌ಎಲ್‌ಐ ಎಂಬ ಸಂಗ್ರಹದಲ್ಲಿ ಕನ್ನಡ ಸಿಗುತ್ತದೆ, ಆದರೆ ಅದು ಇಂಗ್ಲಿಷ್‌ನಿಂದ ಯಂತ್ರವೇ ಅನುವಾದಿಸಿದ ಕನ್ನಡ. "ಕುಡಿಯಬೇಕಾಗೇನಿಲ್ಲ" ಅಂತ ನಾವು ಮಾತಾಡುವ ಕನ್ನಡದ ಮೇಲೆ ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ರೂಜ್ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. ಅದಕ್ಕೆ ಖರ್ಚಿಲ್ಲ. ಪದ ಬಿಡಿಸುವ ರೀತಿ ಒಂದೇ ಆದರೆ ಯಾರು ಎಲ್ಲಿ ಲೆಕ್ಕ ಮಾಡಿದರೂ ಅದೇ ಉತ್ತರ. ಸಾವಿರಾರು ಸಾರಾಂಶಗಳ ಸರಾಸರಿ ತೆಗೆದರೆ, ಪ್ರೋಗ್ರಾಂನ ಹೊಸ ಆವೃತ್ತಿ ಇದ್ದಕ್ಕಿದ್ದಂತೆ ಮುಖ್ಯಾಂಶ ಬಿಡತೊಡಗಿದೆಯೇ ಅಂತ ಬೇಗ ತಿಳಿಯುತ್ತದೆ. ಅಂಥ ಹೊಗೆ ಪತ್ತೆ ಕೆಲಸಕ್ಕೆ ಇಟ್ಟುಕೊಳ್ಳೋಣ. ಒಂದು ನಿರ್ದಿಷ್ಟ ಸಾರಾಂಶವನ್ನು ಜನರ ಕೈಗೆ ಕೊಡಬಹುದೇ ಎನ್ನುವ ತೀರ್ಮಾನಕ್ಕೆ ಬೇಡ.

ಯಾವುದೇ ಅಂಕ ನಿಮ್ಮ ಕೆಲಸಕ್ಕೆ ಆಗುತ್ತದೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ, ಅರ್ಧ ಗಂಟೆ ಸಾಕು. ನೀವು ಸರಿ ಅಂತ ಖಚಿತವಾಗಿ ಬಲ್ಲ ಹತ್ತಿಪ್ಪತ್ತು ಸಾರಾಂಶ ತೆಗೆದುಕೊಳ್ಳಿ. ಪ್ರತಿಯೊಂದಕ್ಕೂ ಎರಡು ರೂಪ ಮಾಡಿ. ಒಂದರಲ್ಲಿ ಅರ್ಥ ಹಾಗೇ ಇಟ್ಟು ಮಾತು ಬದಲಿಸಿ. ಇನ್ನೊಂದರಲ್ಲಿ ಮಾತು ಹಾಗೇ ಇಟ್ಟು ಒಂದೇ ಒಂದು ವಾಸ್ತವ ಕೆಡಿಸಿ: ಬೇಕು ಇದ್ದಲ್ಲಿ ಬೇಡ, 5 ಇದ್ದಲ್ಲಿ 50, ಕೊಟ್ಟವರು ಇದ್ದಲ್ಲಿ ಪಡೆದವರು. ಎರಡಕ್ಕೂ ಅಂಕ ಹಾಕಿಸಿ. ಕೆಡಿಸಿದ್ದಕ್ಕೆ ಹೆಚ್ಚು ಅಂಕ ಬಂದರೆ ಆ ಅಳತೆಗೋಲು ವಾಸ್ತವವನ್ನು ನೋಡುತ್ತಿಲ್ಲ ಅಂತ ಅರ್ಥ. ನಮ್ಮ ನೀರಿನ ಉದಾಹರಣೆ ಇದೇ ಪರೀಕ್ಷೆ. ರೂಜ್ ಅದರಲ್ಲಿ 0.89ಕ್ಕೆ 0.125ರ ಅಂತರದಲ್ಲಿ ಉಲ್ಟಾ ಉತ್ತರ ಕೊಟ್ಟಿತು.

ನಾವು ಕೊನೆಗೆ ಏನು ಮಾಡಿದೆವು? ಗೆಳೆಯರ ಪ್ರೋಗ್ರಾಂ ಇಟ್ಟುಕೊಂಡಿದ್ದೇವೆ. ಅಂಕಪಟ್ಟಿಯನ್ನು ಬದಿಗಿಟ್ಟಿದ್ದೇವೆ. ಅವರಿಗೂ ಬೇಜಾರಿಲ್ಲ, ಸೊನ್ನೆ ಒಂದರ ಗುಟ್ಟು ಹಿಡಿದದ್ದು ಅವರೇ. ಯಂತ್ರ ಬರೆದ ಪ್ರತಿ ಸಾರಾಂಶವನ್ನೂ ನಮ್ಮಲ್ಲೊಬ್ಬರು ಸಂಚಿಕೆಯ ಲಿಖಿತ ರೂಪ ಪಕ್ಕದಲ್ಲಿಟ್ಟುಕೊಂಡು ನೋಡುತ್ತಾರೆ, ಮಾದರಿ ಸಾರಾಂಶ ಇಟ್ಟುಕೊಂಡಲ್ಲ. ನಾಲ್ಕು ವಿಷಯಕ್ಕೆ ಮಾತ್ರ ಗೆರೆ ಎಳೆಯುತ್ತಾರೆ: ಸಂಖ್ಯೆಗಳು, ಹೆಸರುಗಳು, ಕ್ರಿಯಾಪದದ ಬಾಲ, ಮತ್ತು ಯಾರು ಯಾರಿಗೆ ಮಾಡಿದರು ಎನ್ನುವುದು. ಗೆರೆ ಎಳೆದ ಪ್ರತಿಯೊಂದಕ್ಕೂ ಮೂಲದಲ್ಲಿ ಬೆರಳಿಟ್ಟು ತೋರಿಸಲು ಆಗಬೇಕು. ಆಗದಿದ್ದರೆ ಆ ವಾಕ್ಯ ಹೊರಗೆ. ನಾಲ್ಕು ಸಾಲಿಗೆ ಐದು ನಿಮಿಷ ಹಿಡಿಯುತ್ತದೆ. ಆರೋಗ್ಯ, ಔಷಧಿ, ಮಳೆ ನೀರಿನ ವಿಷಯ ಬಂದ ಸಂಚಿಕೆಗಳಿಗೆ ಯಂತ್ರದ ಸಾರಾಂಶ ಹಾಕುವುದೇ ಇಲ್ಲ, ಕೈಯಲ್ಲಿ ಬರೆಯುತ್ತೇವೆ.

ಕನ್ನಡಕ್ಕೆ ಸಾರಾಂಶ ಯಂತ್ರ ಕಟ್ಟುತ್ತಿರುವವರಲ್ಲಿ ನಮ್ಮ ಬೇಡಿಕೆಯೂ ಇಷ್ಟೇ. ರೂಜ್ ಅಂಕ ಕೊಡಿ, ಪದ ಹೇಗೆ ಬಿಡಿಸಿದಿರಿ ಅಂತ ಜೊತೆಗೆ ಬರೆಯಿರಿ. ಅದರ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಕೊಡಿ: ಕನ್ನಡ ಬಲ್ಲವರು ಮೂಲ ಇಟ್ಟುಕೊಂಡು ಓದಿದ ಐವತ್ತು ಸಾರಾಂಶಗಳಲ್ಲಿ ಎಷ್ಟರಲ್ಲಿ ವಾಸ್ತವದ ತಪ್ಪಿತ್ತು. ಐವತ್ತು ಓದಲು ಒಬ್ಬರಿಗೆ ಒಂದು ದಿನದ ಕೆಲಸ. ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗೊತ್ತಿದ್ದ ಮೇಲೆ, ಎಷ್ಟು ಬೆಳ್ಳಗಿದೆ ಅಂತ ಮಾತ್ರ ಅಳೆದು ಮಗುವಿಗೆ ಕುಡಿಸುವುದು ಸರಿಯಲ್ಲ.

ಸಾರಾಂಶ ಅ ಮತ್ತು ಆ ಎರಡನ್ನೂ ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ ನೋಡಿ. ಯಾವುದು ತಪ್ಪು ಅಂತ ಅವರು ಎಷ್ಟು ಬೇಗ ಹಿಡಿಯುತ್ತಾರೆ ಅಂತ ನಮಗೆ ಬರೆದು ತಿಳಿಸಿ.